ಓದು ಅರ್ಧವಾದಾಗ ಪರೀಕ್ಷೆಯೇ ಬದಲಾದರೆ

ಕಂಪ್ಯೂಟರ್ ದುರಸ್ತಿ ಮತ್ತು ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಸೇರಬಯಸುವವರು ಮೊದಲು ಬರೆಯುವ ಪರೀಕ್ಷೆಗಳಲ್ಲಿ ಅಮೆರಿಕದ ಕಾಂಪ್‌ಟಿಯಾ ಸಂಸ್ಥೆ ನಡೆಸುವ ಎ ಪ್ಲಸ್ ಒಂದು. ಈ ಪ್ರಮಾಣಪತ್ರ ಸಿಗಬೇಕಾದರೆ ಕೋರ್ 1 ಮತ್ತು ಕೋರ್ 2 ಎಂಬ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಕೆಲವು ವರ್ಷಗಳಿಗೊಮ್ಮೆ ಈ ಜೋಡಿಯನ್ನು ನಿಲ್ಲಿಸಿ ಹೊಸ ಜೋಡಿಯನ್ನು ತರುವುದು ಸಂಸ್ಥೆಯ ರೂಢಿ. 2022ರ ಏಪ್ರಿಲ್‌ನಲ್ಲಿ ಬಂದ 220-1101 ಮತ್ತು 220-1102 ಪರೀಕ್ಷೆಗಳು 2025ರ ಸೆಪ್ಟೆಂಬರ್ 25ಕ್ಕೆ ನಿಂತವು. ಅವುಗಳ ಜಾಗಕ್ಕೆ ಬಂದ 220-1201 ಮತ್ತು 220-1202 ಅದೇ ವರ್ಷದ ಮಾರ್ಚ್ 25ರಂದೇ ಶುರುವಾಗಿದ್ದವು. ಹೀಗಾಗಿ ಸುಮಾರು ಆರು ತಿಂಗಳ ಕಾಲ ಹಳೆಯದೂ ಹೊಸದೂ ಒಟ್ಟಿಗೇ ಚಾಲ್ತಿಯಲ್ಲಿದ್ದವು. ಓದಿನ ನಡುವೆ ಪರೀಕ್ಷೆ ಬದಲಾದಾಗ ಏನು ಮಾಡಬೇಕೆಂಬುದನ್ನು ತಿಳಿಯಲು ಈ ಆರು ತಿಂಗಳು ಒಳ್ಳೆಯ ಉದಾಹರಣೆ.

ಇಲ್ಲಿ ನಿಂತದ್ದು ಪರೀಕ್ಷೆ, ಪ್ರಮಾಣಪತ್ರವಲ್ಲ. ಎ ಪ್ಲಸ್ ಎಂಬ ಅರ್ಹತೆ ಹಾಗೆಯೇ ಮುಂದುವರಿಯುತ್ತದೆ, ಅದನ್ನು ಪಡೆಯುವ ದಾರಿ ಮಾತ್ರ ಬದಲಾಗುತ್ತದೆ. ಹಳೆಯ ಜೋಡಿ ಬರೆದು ಗೆದ್ದವರಿಗೂ ಹೊಸದನ್ನು ಬರೆದು ಗೆದ್ದವರಿಗೂ ಸಿಗುವುದು ಒಂದೇ ಹೆಸರಿನ ಪ್ರಮಾಣಪತ್ರ, ಎರಡಕ್ಕೂ ಮೂರು ವರ್ಷಗಳ ಮಾನ್ಯತೆ. ಆ ಮೂರು ವರ್ಷವನ್ನು ಎಣಿಸುವುದು ಅಭ್ಯರ್ಥಿ ಅರ್ಹತೆ ಪಡೆದ ದಿನದಿಂದ, ಪರೀಕ್ಷೆ ನಿಂತ ದಿನದಿಂದಲ್ಲ. 2025ರ ಆಗಸ್ಟ್‌ನಲ್ಲಿ ಹಳೆಯ ಪರೀಕ್ಷೆ ಮುಗಿಸಿದವರ ಅರ್ಹತೆ 2028ರ ಆಗಸ್ಟ್‌ವರೆಗೂ ನಡೆಯುತ್ತದೆ. ಹಳೆಯದನ್ನು ಬರೆದರೆ ಬೆಲೆ ಇರುವುದಿಲ್ಲ ಎಂಬ ಭಯಕ್ಕೆ ಬಿದ್ದು, ಮುಕ್ಕಾಲು ಭಾಗ ಮುಗಿದ ಓದನ್ನು ಬಿಟ್ಟು ಹೊಸ ಪುಸ್ತಕ ಹಿಡಿಯುವವರು ಈ ಒಂದು ಸಂಗತಿಯನ್ನು ತಿಳಿದಿದ್ದರೆ ತಿಂಗಳುಗಟ್ಟಲೆ ಶ್ರಮ ಉಳಿಯುತ್ತಿತ್ತು.

ನಿಜವಾದ ಅಪಾಯ ಇರುವುದು ಬೇರೆ ಕಡೆ. ಎ ಪ್ಲಸ್‌ನ ಎರಡು ಪರೀಕ್ಷೆಗಳೂ ಒಂದೇ ಸರಣಿಯವಾಗಿರಬೇಕು ಎಂಬುದು ನಿಯಮ. 220-1101ರಲ್ಲಿ ಗೆದ್ದವರು 220-1102ನ್ನೇ ಬರೆಯಬೇಕು. 220-1101 ಮತ್ತು 220-1202 ಎರಡರಲ್ಲೂ ಗೆದ್ದರೂ ಪ್ರಮಾಣಪತ್ರ ಬರುವುದಿಲ್ಲ. ಎರಡೂ ಕೋರ್ ಮುಗಿದವೆಂದು ಕಾಯುತ್ತ ಕುಳಿತರೂ ಕಾಂಪ್‌ಟಿಯಾ ಖಾತೆಯಲ್ಲಿ ತೇರ್ಗಡೆಯಾದ ಎರಡು ಬಿಡಿ ಪರೀಕ್ಷೆಗಳು ಕಾಣುತ್ತವೆಯೇ ಹೊರತು ಎ ಪ್ಲಸ್ ಅರ್ಹತೆ ಕಾಣುವುದಿಲ್ಲ. ಸೆಪ್ಟೆಂಬರ್ 25 ಕಳೆದ ಮೇಲೆ 220-1102 ಬರೆಯಲು ಅವಕಾಶವೇ ಇಲ್ಲದ್ದರಿಂದ, ಗೆದ್ದ 220-1101 ಆಮೇಲೆ ಉಪಯೋಗಕ್ಕೆ ಬರುವುದಿಲ್ಲ. ಅಂಥವರು 220-1201, 220-1202 ಎರಡಕ್ಕೂ ಮತ್ತೆ ಹಣ ಕಟ್ಟಬೇಕು, ಎರಡನ್ನೂ ಮತ್ತೆ ಬರೆಯಬೇಕು.

ಪರೀಕ್ಷೆಗೆ ಸೀಟು ಕಾಯ್ದಿರಿಸುವುದು ಪಿಯರ್ಸನ್ ವ್ಯೂ ಸಂಸ್ಥೆಯ ಮೂಲಕ. ಕೇಂದ್ರಕ್ಕೆ ಹೋಗಿಯೂ ಬರೆಯಬಹುದು, ಮನೆಯಲ್ಲಿ ಕ್ಯಾಮೆರಾದ ಮುಂದೆ ಕೂತೂ ಬರೆಯಬಹುದು. ಎರಡೂ ಸರಣಿ ಚಾಲ್ತಿಯಲ್ಲಿರುವ ತಿಂಗಳುಗಳಲ್ಲಿ ಕೋರ್ 2 ಎಂಬ ಒಂದೇ ಹೆಸರಿಗೆ ಎರಡು ಪರೀಕ್ಷೆಗಳಿರುತ್ತವೆ, ಅವುಗಳ ವ್ಯತ್ಯಾಸ ತಿಳಿಯುವುದು ಸಂಖ್ಯೆಯಿಂದ ಮಾತ್ರ. 1102 ಮತ್ತು 1202ರ ನಡುವೆ ಬದಲಾಗಿರುವುದು ಒಂದೇ ಅಂಕಿ. ಹೆಸರನ್ನಷ್ಟೇ ನೋಡಿ ಮುಂದುವರಿದವರು ತಪ್ಪು ಪರೀಕ್ಷೆಗೆ ಸೀಟು ಹಿಡಿಯುವುದು ಇಲ್ಲಿಯೇ. ಹಣ ಕಟ್ಟುವ ಮುನ್ನ ಒಮ್ಮೆ, ಇಮೇಲ್‌ನಲ್ಲಿ ದೃಢೀಕರಣ ಬಂದ ಮೇಲೆ ಇನ್ನೊಮ್ಮೆ ಸಂಖ್ಯೆಯನ್ನು ಓದಿಕೊಳ್ಳಬೇಕು. ತಪ್ಪಾಗಿದ್ದರೆ ಪರೀಕ್ಷೆಗೆ 24 ಗಂಟೆಗಿಂತ ಮುಂಚೆ ರದ್ದು ಮಾಡಲು ಅಥವಾ ದಿನಾಂಕ ಬದಲಿಸಲು ಅವಕಾಶವಿದೆ. ಆ ಗಡಿ ದಾಟಿದರೆ ಶುಲ್ಕ ಹೋದಂತೆಯೇ.

ಒಬ್ಬ ಅಭ್ಯರ್ಥಿಯ ಲೆಕ್ಕವನ್ನು ದಿನಾಂಕ ಸಮೇತ ನೋಡಬಹುದು. ಅವರು 2025ರ ಜೂನ್‌ನಲ್ಲಿ 220-1101 ಗೆದ್ದಿದ್ದಾರೆ. ಜುಲೈ ಮಧ್ಯದ ಹೊತ್ತಿಗೆ ಕೋರ್ 2ರ ಓದು ಅರ್ಧಕ್ಕೆ ಬಂದಿದೆ. ಕೊನೆಯ ದಿನಕ್ಕೆ ಹತ್ತು ವಾರಗಳಿವೆ. ಮೊದಲ ಯೋಚನೆಗೆ ಹತ್ತು ವಾರವೂ ಓದಿ ಸೆಪ್ಟೆಂಬರ್ ಮೂರನೇ ವಾರದಲ್ಲಿ ಬರೆದರಾಯಿತು ಎನ್ನಿಸುತ್ತದೆ. ಆದರೆ ಹಾಗೆ ಮಾಡಿದರೆ ಸೋಲಿಗೆ ಜಾಗವೇ ಇರುವುದಿಲ್ಲ. ಇಲ್ಲಿ ಮರುಪರೀಕ್ಷೆಯ ನಿಯಮ ಮುಖ್ಯವಾಗುತ್ತದೆ. ಮೊದಲ ಬಾರಿ ಸೋತವರು ಎರಡನೆಯ ಬಾರಿಗೆ ಕಾಯಬೇಕಾಗಿಲ್ಲ, ಸೀಟು ಸಿಕ್ಕ ದಿನ ಬರೆಯಬಹುದು. ಎರಡನೆಯ ಬಾರಿಯೂ ಸೋತರೆ ಮೂರನೆಯದಕ್ಕೆ ಕನಿಷ್ಠ 14 ದಿನ ಕಾಯಬೇಕು. ಪ್ರತಿ ಸಲವೂ ಶುಲ್ಕ ಬೇರೆ.

ಆದ್ದರಿಂದ ಲೆಕ್ಕವನ್ನು ಕೊನೆಯ ದಿನದಿಂದ ಹಿಂದಕ್ಕೆ ಹಾಕಬೇಕು. ಮೂರನೆಯ ಅವಕಾಶ ಸೆಪ್ಟೆಂಬರ್ 24ಕ್ಕೆ ಸಿಗಬೇಕಾದರೆ ಎರಡನೆಯದು ಸೆಪ್ಟೆಂಬರ್ 10ರ ಒಳಗೆ ಮುಗಿದಿರಬೇಕು. ಮೊದಲ ಸೋಲಿನ ನಂತರ ದುರ್ಬಲ ಭಾಗಗಳನ್ನು ಮತ್ತೆ ಓದಲು ಎರಡು ವಾರವಾದರೂ ಬೇಕು. ಹಾಗಾದರೆ ಮೊದಲ ಪರೀಕ್ಷೆ ಆಗಸ್ಟ್ 27ರ ಆಸುಪಾಸಿನಲ್ಲಿ ಬೀಳುತ್ತದೆ. ಹತ್ತು ವಾರವೆಂದು ಕಂಡದ್ದು ನಿಜಕ್ಕೂ ಆರು ವಾರ. ಕೊನೆಯ ವಾರಗಳಲ್ಲಿ ಎಲ್ಲರೂ ಒಟ್ಟಿಗೇ ಬರುವುದರಿಂದ ಬೇಕಾದ ದಿನ, ಬೇಕಾದ ಕೇಂದ್ರ ಸಿಗುವುದು ಕಷ್ಟ. ಹೀಗಾಗಿ ಆಗಸ್ಟ್‌ನ ಸೀಟನ್ನು ಜುಲೈಯಲ್ಲೇ ಹಿಡಿದಿಡುವುದು ಜಾಣತನ. ಆರು ವಾರದಲ್ಲಿ ಉಳಿದರ್ಧ ಮುಗಿಸುವುದು ಸುಲಭವಲ್ಲ, ಆದರೂ ಈ ಅಭ್ಯರ್ಥಿ ಹಳೆಯದನ್ನೇ ಮುಗಿಸುವುದು ಸರಿ. ಅವರ ಕೈಯಲ್ಲಿ ಈಗಾಗಲೇ ಅರ್ಧ ಅರ್ಹತೆ ಇದೆ, ಹೊಸದಕ್ಕೆ ಹೋದರೆ ಅದು ಸೊನ್ನೆಯಾಗುತ್ತದೆ.

ಇನ್ನೂ ಯಾವ ಪರೀಕ್ಷೆಯನ್ನೂ ಬರೆಯದವರ ಲೆಕ್ಕ ಬೇರೆ. ಅದೇ ಜುಲೈ ಮಧ್ಯದಲ್ಲಿ ಕೋರ್ 1ರ ಓದೇ ಅರ್ಧವಾಗಿರುವವರು ಹತ್ತು ವಾರದಲ್ಲಿ ಎರಡು ಪರೀಕ್ಷೆ ಗೆಲ್ಲಬೇಕು, ಮರುಪರೀಕ್ಷೆಗೂ ಜಾಗ ಬಿಡಬೇಕು. ಕೋರ್ 1 ಗೆದ್ದು ಕೋರ್ 2 ತಪ್ಪಿದರೆ ಗೆದ್ದದ್ದೂ ಹೋಗುತ್ತದೆ. ಅಂಥವರು ಹಿಂಜರಿಯದೆ ಹೊಸ ಸರಣಿಗೆ ಹೋಗುವುದೇ ಒಳ್ಳೆಯದು. ಇಲ್ಲಿ ತೀರ್ಮಾನಕ್ಕೆ ಆಧಾರವಾಗಬೇಕಾದದ್ದು ಎಷ್ಟು ಪುಟ ಓದಿದೆ ಎಂಬುದಲ್ಲ, ಯಾವ ಪರೀಕ್ಷೆ ಕೈಯಲ್ಲಿದೆ ಎಂಬುದು. ಓದಿದ್ದು ಹೊಸ ಸರಣಿಗೂ ಜೊತೆಯಲ್ಲಿ ಬರುತ್ತದೆ, ಗೆದ್ದ ಅಂಕ ಬರುವುದಿಲ್ಲ.

ಓದಿದ್ದು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಪ್ರತಿ ಪರೀಕ್ಷೆಗೂ ಸಂಸ್ಥೆಯೇ ವಿಷಯಸೂಚಿಯ ಪಿಡಿಎಫ್ ಕೊಡುತ್ತದೆ. ಹಳೆಯ ಸೂಚಿ, ಹೊಸ ಸೂಚಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಮೊದಲು ಕಾಣುವುದು ವಿಭಾಗಗಳ ತೂಕ. ಕೋರ್ 2ರಲ್ಲಿ ಆಪರೇಟಿಂಗ್ ಸಿಸ್ಟಮ್ ವಿಭಾಗ 31ರಿಂದ 28 ಶೇಕಡಕ್ಕೆ ಇಳಿದಿದೆ, ಭದ್ರತೆಯ ವಿಭಾಗ 25ರಿಂದ 28ಕ್ಕೆ ಏರಿದೆ. ಉಳಿದ ಎರಡು ವಿಭಾಗಗಳು ಒಂದೊಂದು ಶೇಕಡದಷ್ಟು ಮಾತ್ರ ಸರಿದಿವೆ. ಪ್ರಶ್ನೆಗಳು ಹೆಚ್ಚೆಂದರೆ 90. ಮೂರು ಶೇಕಡ ಎಂದರೆ ಎರಡೋ ಮೂರೋ ಪ್ರಶ್ನೆ. ನಾಲ್ಕು ವಿಭಾಗಗಳ ಚೌಕಟ್ಟೂ 90 ನಿಮಿಷದ ಅವಧಿಯೂ ಬದಲಾಗಿಲ್ಲ. 900ಕ್ಕೆ 700 ಎಂಬ ಕೋರ್ 2ರ ತೇರ್ಗಡೆಯ ಗಡಿಯೂ ಹಾಗೇ ಇದೆ. ಪರೀಕ್ಷೆಯೇ ಬದಲಾಯಿತು ಎಂದು ಕೇಳಿದಾಗ ಆಗುವ ಗಾಬರಿಗೂ ನಿಜವಾಗಿ ಬದಲಾದದ್ದಕ್ಕೂ ಇಷ್ಟು ಅಂತರವಿದೆ.

ತೂಕ ನೋಡಿದ ಮೇಲೆ ಒಂದೊಂದೇ ಅಂಶಕ್ಕೆ ಬರಬೇಕು. ಹೊಸ ಸೂಚಿಯನ್ನು ಮುದ್ರಿಸಿಕೊಂಡು, ಕೈಯಲ್ಲಿರುವ ಹಳೆಯ ಪುಸ್ತಕದಲ್ಲಿ ಸಿಗುವ ಪ್ರತಿ ಅಂಶದ ಮುಂದೆ ಪುಟದ ಸಂಖ್ಯೆ ಬರೆಯುತ್ತ ಹೋದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಸಂಖ್ಯೆ ಬೀಳದೆ ಉಳಿದ ಸಾಲುಗಳೇ ಹೊಸದಾಗಿ ಓದಬೇಕಾದ ಪಾಠ. ಕೋರ್ 2ರ ಹೊಸ ಸೂಚಿಯಲ್ಲಿ ಹೀಗೆ ಎದ್ದು ಕಾಣುವುದು ಕೃತಕ ಬುದ್ಧಿಮತ್ತೆಯ ಮೂಲ ವಿಚಾರಗಳ ಒಂದು ಪೂರ್ತಿ ಅಂಶ. ಕಚೇರಿಯಲ್ಲಿ ಅಂಥ ಸಾಧನಗಳನ್ನು ಬಳಸುವಾಗ ಇರಬೇಕಾದ ನೀತಿ, ಅವುಗಳ ಮಿತಿ, ಖಾಸಗಿ ಮಾಹಿತಿಯ ರಕ್ಷಣೆ ಅದರಲ್ಲಿ ಬರುತ್ತವೆ. ಭದ್ರತೆಯ ವಿಭಾಗದಲ್ಲಿ ಯಾರನ್ನೂ ಸುಮ್ಮನೆ ನಂಬದೆ ಪ್ರತಿ ಸಲವೂ ಪರಿಶೀಲಿಸುವ ಝೀರೋ ಟ್ರಸ್ಟ್ ಮಾದರಿ ಸೇರಿದೆ. ಹೀಗೆ ಗುರುತು ಹಾಕುವಾಗ ಅಂಶದ ಹೆಸರಿನ ಜೊತೆಗೆ ಅದರ ಕ್ರಿಯಾಪದವನ್ನೂ ಗಮನಿಸಬೇಕು. ಹಳೆಯ ಸೂಚಿಯಲ್ಲಿ 'ವಿವರಿಸಿ' ಎಂದಿದ್ದದ್ದು ಹೊಸದರಲ್ಲಿ 'ಕೊಟ್ಟ ಸಂದರ್ಭದಲ್ಲಿ ಮಾಡಿ ತೋರಿಸಿ' ಎಂಬ ಅರ್ಥಕ್ಕೆ ಬದಲಾಗಿದ್ದರೆ, ವಿಷಯ ಅದೇ ಆದರೂ ತಯಾರಿ ಬೇರೆ. ಅದನ್ನು ಕಂಪ್ಯೂಟರ್ ಮುಂದೆ ಕೂತು ಮಾಡಿಯೇ ಕಲಿಯಬೇಕು.

ಈ ಸಮಯದಲ್ಲಿ ಪ್ರಶ್ನೆಪತ್ರಿಕೆಗಳ ವಿಷಯದಲ್ಲಿ ಎಚ್ಚರ ಬೇಕು. ಹೊಸ ಪರೀಕ್ಷೆಗೆ ಒಳ್ಳೆಯ ಪುಸ್ತಕಗಳೂ ಅಭ್ಯಾಸ ಪ್ರಶ್ನೆಗಳೂ ಬರಲು ಕೆಲವು ತಿಂಗಳು ಹಿಡಿಯುತ್ತದೆ. ಆ ಬಿಡುವಿನಲ್ಲಿ ಹಳೆಯ ಪ್ರಶ್ನೆಗಳಿಗೆ ಹೊಸ ಸಂಖ್ಯೆ ಅಂಟಿಸಿ ಮಾರಲು ಯಾರಿಗೂ ಕಷ್ಟವಿಲ್ಲ. ಹೊಸ ಸೂಚಿಯಲ್ಲಿ ಮಾತ್ರ ಇರುವ ಎರಡು ಮೂರು ಅಂಶಗಳ ಮೇಲೆ ಪ್ರಶ್ನೆ ಇದೆಯೇ ಎಂದು ನೋಡಿದರೆ ಗುಟ್ಟು ಬಯಲಾಗುತ್ತದೆ. ಪರೀಕ್ಷೆಯ ಅಸಲಿ ಪ್ರಶ್ನೆಗಳೆಂದು ಹೇಳಿ ಮಾರುವವುಗಳನ್ನಂತೂ ಮುಟ್ಟಲೇಬಾರದು. ಅದು ಅಭ್ಯರ್ಥಿ ಒಪ್ಪಿಕೊಂಡ ಷರತ್ತಿನ ಉಲ್ಲಂಘನೆ, ಪತ್ತೆಯಾದರೆ ಗೆದ್ದ ಅರ್ಹತೆಯೂ ರದ್ದಾಗಬಹುದು.

ಎಲ್ಲ ಸಂಸ್ಥೆಗಳೂ ಆರು ತಿಂಗಳ ಕಾಲಾವಕಾಶ ಕೊಡುವುದಿಲ್ಲ. ಸಿಸ್ಕೋ ತನ್ನ ಸಿಸಿಎನ್‌ಎ ಪರೀಕ್ಷೆಯ ಬದಲಾವಣೆಯನ್ನು 2019ರ ಜೂನ್‌ನಲ್ಲೇ ಘೋಷಿಸಿತು. ಆದರೆ ಹಳೆಯದು ನಿಂತದ್ದು 2020ರ ಫೆಬ್ರವರಿ 23ಕ್ಕೆ, ಹೊಸ 200-301 ಶುರುವಾದದ್ದು ಮರುದಿನವೇ. ಎರಡೂ ಒಟ್ಟಿಗೆ ನಡೆದ ದಿನ ಒಂದೂ ಇರಲಿಲ್ಲ. ಎರಡು ಹಂತದ ಹಳೆಯ ದಾರಿಯಲ್ಲಿ ಮೊದಲ ಹಂತ ಮಾತ್ರ ಮುಗಿಸಿದ್ದವರು ಸಿಸಿಎನ್‌ಎ ಬೇಕಾದರೆ ಹೊಸ ಪರೀಕ್ಷೆಯನ್ನು ಪೂರ್ತಿ ಬರೆಯಬೇಕಾಯಿತು. ಸಂಖ್ಯೆ ಬದಲಾಗದೆಯೇ ಒಳಗಿನ ವಿಷಯ ಬದಲಾಗುವುದೂ ಉಂಟು. ಅದೇ 200-301, ಸಂಖ್ಯೆ ಹಾಗೇ ಇದ್ದು, 2024ರ ಆಗಸ್ಟ್‌ನಲ್ಲಿ 1.1 ಆವೃತ್ತಿಗೆ ಬಂತು. ಆದ್ದರಿಂದ ಸಂಖ್ಯೆಯ ಜೊತೆಗೆ ವಿಷಯಸೂಚಿಯ ಮೊದಲ ಪುಟದಲ್ಲಿರುವ ಆವೃತ್ತಿಯನ್ನೂ ನೋಡಿಕೊಳ್ಳಬೇಕು.

ವೋಚರ್ ಕೊಂಡಿಟ್ಟವರು ಅದರ ಅವಧಿಯನ್ನೂ ಪರೀಕ್ಷೆ ನಿಲ್ಲುವ ದಿನವನ್ನೂ ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು. ಕಾಂಪ್‌ಟಿಯಾ ವೋಚರ್ ಸಾಮಾನ್ಯವಾಗಿ ಕೊಂಡ ದಿನದಿಂದ 12 ತಿಂಗಳು ನಡೆಯುತ್ತದೆ. ಅವಧಿ ಇನ್ನೂ ಉಳಿದಿದೆ ಎಂದ ಮಾತ್ರಕ್ಕೆ ನಿಂತುಹೋದ ಪರೀಕ್ಷೆಯನ್ನು ಬರೆಯಲಾಗದು. ತರಬೇತಿ ಕೇಂದ್ರದ ಮೂಲಕ ರಿಯಾಯಿತಿಗೆ ಕೊಳ್ಳುವವರು ಆ ವೋಚರ್ ಯಾವ ಸಂಖ್ಯೆಯ ಪರೀಕ್ಷೆಗೆ, ಯಾವ ದಿನದವರೆಗೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಹಳೆಯ ಸರಣಿಯಲ್ಲಿ ಗೆದ್ದವರಿಗೆ ಹೊಸ ವಿಷಯಗಳು ತಪ್ಪಿಹೋಗುವುದಿಲ್ಲ. ಮೂರು ವರ್ಷಗಳೊಳಗೆ ಅರ್ಹತೆಯನ್ನು ನವೀಕರಿಸಬೇಕಾಗುತ್ತದೆ. ಎ ಪ್ಲಸ್‌ಗೆ ಅದಕ್ಕೆ ಬೇಕಾದದ್ದು ಮುಂದುವರಿದ ಕಲಿಕೆಯ 20 ಅಂಕ. ಅದರ ಬದಲು ಆಗ ಚಾಲ್ತಿಯಲ್ಲಿರುವ ಎ ಪ್ಲಸ್ ಪರೀಕ್ಷೆಗಳನ್ನು ಬರೆಯಬಹುದು, ಇಲ್ಲವೇ ನೆಟ್‌ವರ್ಕ್ ಪ್ಲಸ್ ಅಥವಾ ಸೆಕ್ಯುರಿಟಿ ಪ್ಲಸ್ ಗೆಲ್ಲಬಹುದು. ಮೇಲಿನ ಹಂತದ ಆ ಪರೀಕ್ಷೆ ಗೆದ್ದರೆ ಕೆಳಗಿನ ಎ ಪ್ಲಸ್ ತಾನಾಗಿ ನವೀಕರಣಗೊಳ್ಳುತ್ತದೆ.