ಅಜ್ಜಿಯ ಫೋನಿಗೆ ಆರೇ ಚೌಕ

ಸ್ಮಾರ್ಟ್‌ಫೋನ್ ತೆರೆದಾಗ ಮೊದಲು ಕಾಣುವ ಪರದೆ ಫೋನಿನ ಜತೆಗೇ ಬಂದದ್ದು, ಅದನ್ನು ಬದಲಿಸಲು ಆಗುವುದಿಲ್ಲ ಎಂದು ಅನೇಕರು ಅಂದುಕೊಂಡಿರುತ್ತಾರೆ. ಆದರೆ ಆಂಡ್ರಾಯ್ಡ್‌ನಲ್ಲಿ ಅದೂ ಒಂದು ಆ್ಯಪ್ ಅಷ್ಟೇ. ಅದಕ್ಕೆ ಲಾಂಚರ್ ಎನ್ನುತ್ತಾರೆ. ಹೋಮ್ ಬಟನ್ ಒತ್ತಿದಾಗ ಯಾವ ಲಾಂಚರ್ ಬರಬೇಕು ಎಂಬುದನ್ನು ನಾವೇ ಆರಿಸಬಹುದು. ಬಿಗ್ ಲಾಂಚರ್, ಬಾಲ್ಡ್‌ಫೋನ್‌ನಂಥ ಆ್ಯಪ್‌ಗಳು ಬಳಸಿಕೊಳ್ಳುವುದು ಇದೇ ಅವಕಾಶವನ್ನು. ಇವು ಹತ್ತಾರು ಪುಟ್ಟ ಐಕಾನ್‌ಗಳನ್ನು ಮರೆಮಾಡಿ, ಕೆಲವೇ ದೊಡ್ಡ ಚೌಕಗಳನ್ನು ಮುಂದಿಡುತ್ತವೆ. ಸ್ಯಾಮ್ಸಂಗ್ ಫೋನ್‌ಗಳಲ್ಲಿ Easy mode ಎಂಬ ಹೆಸರಿನಲ್ಲಿ ಇಂಥದ್ದೇ ವ್ಯವಸ್ಥೆ ಮೊದಲೇ ಇರುತ್ತದೆ.

ಹಾಕಿಕೊಳ್ಳುವುದು ಐದು ನಿಮಿಷದ ಕೆಲಸ. ಆದರೆ ಯಾವ ಚೌಕ ಇರಬೇಕು, ಲಾಂಚರ್‌ನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದು ತಿಳಿಯಲು ನನಗೆ ಸೆಮಿಸ್ಟರ್ ರಜೆಯ ಎರಡು ವಾರ ಬೇಕಾಯಿತು. ತರೀಕೆರೆ ಹತ್ತಿರದ ಹಳ್ಳಿಯಲ್ಲಿ ನನ್ನಜ್ಜಿ ಒಬ್ಬಳೇ ಇರುತ್ತಾಳೆ. ವಯಸ್ಸು 74. ಬಟನ್ ಫೋನ್ ಕೆಟ್ಟ ಮೇಲೆ ಮಾವ ಸ್ಮಾರ್ಟ್‌ಫೋನ್ ಕೊಡಿಸಿದ್ದರು. ಒಮ್ಮೆ ಇಡೀ ದಿನ ಅವಳ ಫೋನ್ ಸಿಗದೆ ಮಾವ ಕೆಲಸ ಬಿಟ್ಟು ಬೈಕಿನಲ್ಲಿ ಓಡಿಬಂದರೆ, ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಫೋನ್ ಪಕ್ಕದಲ್ಲೇ ಇತ್ತು, ಚಾರ್ಜೂ ಇತ್ತು. ಪರದೆಯ ಮೇಲ್ತುದಿಯಲ್ಲಿ ಪುಟ್ಟ ವಿಮಾನದ ಚಿತ್ರ ಮಾತ್ರ ಕಾಣುತ್ತಿತ್ತು.

ಲಾಂಚರ್ ಹಾಕುವ ಮೊದಲು ನಾಲ್ಕು ದಿನ ಅವಳು ಫೋನನ್ನು ಏನಕ್ಕೆ ಮುಟ್ಟುತ್ತಾಳೆ ಎಂದು ಸುಮ್ಮನೆ ನೋಡಿದೆ. ಅಮ್ಮ, ಮಾವ, ಪಕ್ಕದ ಮನೆಯ ಸರೋಜಕ್ಕ ಈ ಮೂವರಿಗೆ ಕರೆ. ಕರೆಂಟ್ ಹೋದಾಗ ಟಾರ್ಚ್. ಸಂಜೆ ಯೂಟ್ಯೂಬ್‌ನಲ್ಲಿ ಭಜನೆ. ಇಷ್ಟಕ್ಕೇ ಐದು ಚೌಕವಾಯಿತು. ಆರನೆಯದರಲ್ಲಿ ಲಾಂಚರ್ ತಾನಾಗಿಯೇ ಕೆಂಪು ಬಣ್ಣದ SOS ಬಟನ್ ಇಟ್ಟಿತ್ತು. ಅದನ್ನು ಒತ್ತಿದರೆ ನಾವು ಮೊದಲೇ ಕೊಟ್ಟ ನಂಬರಿಗೆ ಸಂದೇಶ ಹೋಗುತ್ತದೆ. ನನಗೆ ಅದು ಬಹಳ ಮುಖ್ಯವೆನಿಸಿತ್ತು. ಅಜ್ಜಿ ಒಪ್ಪಲಿಲ್ಲ. ‘ಕೆಂಪು ಕಂಡ್ರೆ ಕೈ ಅಲ್ಲಿಗೇ ಹೋಗುತ್ತೆ ಮಗಾ. ದಿನಾ ಗಾಬರಿ ಮಾಡ್ಸಿದ್ರೆ ನಿಜವಾಗ್ಲೂ ಬಿದ್ದ ದಿನ ಯಾರು ಬರ್ತಾರೆ?’ ಎಂದಳು. ಅವಳ ಮಾತಿನಲ್ಲಿ ತೂಕವಿತ್ತು. ಆ ಜಾಗಕ್ಕೆ ಅವಳೇ ಕೇಳಿದ್ದು, ಯಾರು ಫೋನ್ ಮಾಡಿದ್ದರು ಎಂದು ತೋರಿಸುವ ಕರೆಪಟ್ಟಿ.

ಮೂವರ ಚೌಕದಲ್ಲಿ ಫೋಟೊ ಇಟ್ಟೆವು. ಕನ್ನಡಕ ಹುಡುಕುವ ಮೊದಲೇ ಮುಖ ಗುರುತು ಸಿಗುತ್ತದೆ. ಆದರೆ ಮದುವೆಯ ಗುಂಪುಫೋಟೊ ಇಟ್ಟರೆ ಚೌಕದಲ್ಲಿ ಮುಖ ಕಡಲೆಕಾಳಿನಷ್ಟಾಗುತ್ತದೆ. ಒಬ್ಬರದೇ ಮುಖ ಚೌಕದ ತುಂಬ ಇರಬೇಕು. ಹೆಸರೂ ಗಿಡ್ಡದಾಗಿರಬೇಕು; ಉದ್ದವಾದರೆ ಕೊನೆಯ ಅಕ್ಷರಗಳು ಕತ್ತರಿಸಿಹೋಗಿ ಮೂರು ಚುಕ್ಕೆ ಉಳಿಯುತ್ತವೆ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಾಗ ನಿಜವಾದ ತೊಡಕು ಕಾಣಿಸುತ್ತದೆ. ಮೊದಲನೆಯದು ಬೆರಳಿನದು. ಫೋನಿನ ಪರದೆ ಬೆರಳನ್ನು ಗುರುತಿಸುವುದು ಒತ್ತಡದಿಂದಲ್ಲ, ಚರ್ಮದ ವಿದ್ಯುತ್ ಗುಣದಿಂದ. ವಯಸ್ಸಾದವರ ಒಣ ಬೆರಳನ್ನು ಅದು ಕೆಲವೊಮ್ಮೆ ಗುರುತಿಸುವುದಿಲ್ಲ. ‘ಇದು ಕೇಳ್ತಾ ಇಲ್ಲ’ ಎಂದು ಅಜ್ಜಿ ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಾಳೆ. ಸುಮಾರು ಅರ್ಧ ಸೆಕೆಂಡ್ ದಾಟಿದರೆ ಫೋನ್ ಅದನ್ನು ಬೇರೆಯೇ ಆಜ್ಞೆ ಎಂದು ತಿಳಿದು, ಐಕಾನ್ ತೆಗೆಯಬೇಕೇ, ಸರಿಸಬೇಕೇ ಎಂದು ಕೇಳತೊಡಗುತ್ತದೆ. ಹಿರಿಯರ ಫೋನಿನಿಂದ ಐಕಾನ್‌ಗಳು ‘ತಾವಾಗಿಯೇ’ ಮಾಯವಾಗುವುದು ಬಹಳ ಸಲ ಹೀಗೆ. ಇದಕ್ಕೆ ಐಕಾನ್ ದೊಡ್ಡದು ಮಾಡಿದರೆ ಸಾಲದು. ಸೆಟ್ಟಿಂಗ್ಸ್‌ನ Accessibility ಒಳಗೆ Touch & hold delay ಎಂಬುದಿದೆ. ಅದನ್ನು Long ಮಾಡಿ, ಲಾಂಚರ್‌ನಲ್ಲಿ ಚೌಕಗಳು ಕದಲದಂತೆ ಬೀಗ ಹಾಕುವ ಆಯ್ಕೆ ಇದ್ದರೆ ಅದನ್ನೂ ಹಾಕಬೇಕು.

ಎರಡನೆಯದು ಒಳಬರುವ ಕರೆ. ಕರೆ ಬಂದಾಗ ಕಾಣುವ ಪರದೆಯನ್ನು ತೋರಿಸುವುದು ಲಾಂಚರ್ ಅಲ್ಲ, ಫೋನ್ ಆ್ಯಪ್. ಹೀಗಾಗಿ ಆರು ಚೌಕದ ಶಿಸ್ತು ಅಲ್ಲಿಗೆ ಬರುವುದಿಲ್ಲ. ಅಲ್ಲಿನ ಹಸಿರು ಗುರುತನ್ನು ಎಷ್ಟೋ ಫೋನ್‌ಗಳಲ್ಲಿ ಎಳೆಯಬೇಕು, ಒತ್ತಿದರೆ ಆಗದು. ಬಟನ್ ಫೋನಿನಲ್ಲಿ ಹಸಿರು ಒತ್ತಿ ರೂಢಿಯಿದ್ದ ಅಜ್ಜಿ ಒತ್ತುತ್ತಲೇ ಇದ್ದಳು, ಅತ್ತ ರಿಂಗ್ ನಿಂತುಹೋಗುತ್ತಿತ್ತು. ಗೂಗಲ್‌ನ ಫೋನ್ ಆ್ಯಪ್‌ನ ಈಚಿನ ಆವೃತ್ತಿಗಳಲ್ಲಿ ಒಂದೇ ಸಲ ತಟ್ಟಿ ಕರೆ ತೆಗೆದುಕೊಳ್ಳುವ ಆಯ್ಕೆ ಇದೆ. ಸ್ಯಾಮ್ಸಂಗ್‌ನಲ್ಲಿ ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿ ಕರೆ ಸ್ವೀಕರಿಸುವಂತೆ ಮಾಡಬಹುದು. ಬೆರಳಿಗೆ ಸಿಗುವ ನಿಜವಾದ ಗುಂಡಿ ಅದು.

ಮೂರನೆಯದೇ ಮಾವನನ್ನು ಓಡಿಸಿದ ವಿಮಾನ. ಪರದೆಯ ಮೇಲಿಂದ ಬೆರಳು ಜಾರಿದರೆ ವೈಫೈ, ಮೊಬೈಲ್ ಡೇಟಾ, ಏರ್‌ಪ್ಲೇನ್ ಮೋಡ್‌ಗಳ ಪಟ್ಟಿ ಕೆಳಗಿಳಿಯುತ್ತದೆ. ಅದು ಆಂಡ್ರಾಯ್ಡ್‌ನದು. ಕೆಲವು ಲಾಂಚರ್‌ಗಳು ತಡೆಯಲು ನೋಡುತ್ತವಾದರೂ ಸಾಮಾನ್ಯ ಆ್ಯಪ್‌ಗೆ ಅದನ್ನು ಪೂರ್ತಿ ಮುಚ್ಚುವ ಅಧಿಕಾರವಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿದರೂ ಸಾಕು, ಏನೋ ಒಂದು ಆನ್ ಆಗಬಹುದು. ಪಟ್ಟಿಯನ್ನು ಪೂರ್ತಿ ಎಳೆದು ಪೆನ್ಸಿಲ್ ಗುರುತು ಒತ್ತಿದರೆ ಅದರ ಚೌಕಗಳ ಜಾಗ ಬದಲಿಸಬಹುದು. ಏರ್‌ಪ್ಲೇನ್ ಮೋಡ್ ಮತ್ತು ರಿಂಗ್ ಅಡಗಿಸುವ Do Not Disturb ಎರಡನ್ನೂ ಮೊದಲ ಪುಟದಿಂದ ಆಚೆ ಕಳಿಸಿ, ಟಾರ್ಚನ್ನು ಮುಂದಕ್ಕೆ ತಂದೆ.

ಇಷ್ಟಾದರೂ ಉಳಿಯುವ ಮಿತಿಗಳಿವೆ. ಭಜನೆಯ ಚೌಕ ಒತ್ತಿದ ಮೇಲೆ ತೆರೆಯುವುದು ಅದೇ ಹಳೆಯ ಯೂಟ್ಯೂಬ್. ಜಾಹೀರಾತು, ಪುಟ್ಟ ಗುರುತುಗಳು ಎಲ್ಲ ಅಲ್ಲಿ ಇದ್ದೇ ಇರುತ್ತವೆ. ಅದಕ್ಕೇ ಅಜ್ಜಿಗೆ ಕಲಿಸಿದ ಒಂದೇ ಪಾಠ: ದಾರಿ ತಪ್ಪಿದರೆ ಹೋಮ್ ಒತ್ತು, ಆರು ಚೌಕ ಬರುತ್ತದೆ. ಈ ಪಾಠ ನಿಲ್ಲಬೇಕಾದರೆ ಹೋಮ್ ಬಟನ್ ಕಾಣುವಂತಿರಬೇಕು. ಪರದೆಯನ್ನು ಮೇಲಕ್ಕೆ ಜಾರಿಸುವ ವ್ಯವಸ್ಥೆ ಇದ್ದರೆ ಅದನ್ನು ತೆಗೆದು ಮೂರು ಬಟನ್‌ಗಳ ಹಳೆಯ ಪಟ್ಟಿಯನ್ನು ತರಬೇಕು. ಒಂದು ದಿನ ಹೋಮ್ ಒತ್ತಿದಾಗ ಹಳೆಯ ಐಕಾನ್‌ಗಳೇ ಬಂದರೆ ಫೋನ್ ತನ್ನ ಮೊದಲಿನ ಲಾಂಚರ್‌ಗೆ ಮರಳಿದೆ ಎಂದರ್ಥ. ಸೆಟ್ಟಿಂಗ್ಸ್‌ನ Default apps ಒಳಗೆ Home app ಎಂಬಲ್ಲಿ ಮತ್ತೆ ಆರಿಸಿದರೆ ಸರಿಹೋಗುತ್ತದೆ. ಇದನ್ನು ಸರೋಜಕ್ಕನ ಮಗನಿಗೂ ತೋರಿಸಿಕೊಟ್ಟಿದ್ದೇನೆ.

ಸರಿಯಾಗಿದೆಯೋ ಇಲ್ಲವೋ ಎಂದು ‘ಹೇಗಿದೆ ಅಜ್ಜಿ?’ ಅಂತ ಕೇಳಿದರೆ ತಿಳಿಯದು. ಮೊಮ್ಮಕ್ಕಳ ಮನಸ್ಸು ನೋಯದಿರಲೆಂದು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕರೆಪಟ್ಟಿಯನ್ನು ನೋಡಬೇಕು. ಒಂದೆರಡು ಸೆಕೆಂಡಿನ ಹೊರಹೋದ ಕರೆಗಳು ಸಾಲಾಗಿದ್ದರೆ ಕೈತಪ್ಪಿ ಒತ್ತಿಹೋಗುತ್ತಿದೆ. ಕರೆ ಮಾಡುವ ಮೊದಲು ಒಮ್ಮೆ ಕೇಳುವ ಆಯ್ಕೆ ಹಾಕಬೇಕು. ಮನೆಯಲ್ಲೇ ಇದ್ದ ಹೊತ್ತಿನ ಮಿಸ್ಡ್ ಕಾಲ್‌ಗಳು ಹೆಚ್ಚಿದ್ದರೆ ಕರೆ ತೆಗೆಯುವುದೇ ಕಷ್ಟವಾಗುತ್ತಿದೆ. ಅಜ್ಜಿಯ ಪಟ್ಟಿಯಲ್ಲಿ ಎರಡನೇ ವಾರ ಇವೆರಡೂ ಕಡಿಮೆಯಾಗಿ, ಸರೋಜಕ್ಕನಿಗೆ ಮಾಡಿದ ಕರೆಗಳು ಉದ್ದವಾಗಿದ್ದವು. ಇಬ್ಬರ ಮನೆಗಳ ನಡುವೆ ಇರುವುದು ಒಂದು ಬೇಲಿ ಮಾತ್ರ.