ಪಟ್ಟಿಯಿಂದ ನಿಮ್ಮ ಆಸ್ಪತ್ರೆ ಬಿಟ್ಟುಹೋದರೆ

ಕಚೇರಿಯ ಸಾಮೂಹಿಕ ಆರೋಗ್ಯ ವಿಮೆ ಇರುವವರಿಗೆ ಆಗಾಗ ಒಂದು ಇ-ಮೇಲ್ ಬರುವುದುಂಟು: 'ಬರುವ 1ನೇ ತಾರೀಖಿನಿಂದ ಈ ಕೆಳಗಿನ ಆಸ್ಪತ್ರೆಗಳು ನಮ್ಮ ಜಾಲದಲ್ಲಿ ಇರುವುದಿಲ್ಲ.' ವಿಮೆಯೇ ಹೋಯಿತೆಂದು ಗಾಬರಿಯಾಗಬೇಡಿ. ಸಾಮಾನ್ಯವಾಗಿ ಹೋಗುವುದು ನಗದುರಹಿತ ಸೌಲಭ್ಯ ಮಾತ್ರ.

ನಿಮ್ಮ ತಾಯಿಯವರ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ಅಂತಹ ಆಸ್ಪತ್ರೆಯಲ್ಲಿ 10ನೇ ತಾರೀಖಿಗೆ ನಿಗದಿಯಾಗಿದೆ ಎಂದುಕೊಳ್ಳಿ. ಜಾಲದ ಹೊರಗಿನ ಆಸ್ಪತ್ರೆಗಳಲ್ಲೂ ನಗದುರಹಿತ ಚಿಕಿತ್ಸೆ ಕೊಡುವ ವ್ಯವಸ್ಥೆಯನ್ನು ವಿಮಾ ಕಂಪನಿಗಳು 2024ರ ಜನವರಿಯಲ್ಲಿ ಪ್ರಕಟಿಸಿದವು. ಇದಕ್ಕಾಗಿ ದಾಖಲಾಗುವ 48 ಗಂಟೆ ಮೊದಲೇ ಕಂಪನಿಗೆ ತಿಳಿಸಬೇಕು. ತುರ್ತು ಸಂದರ್ಭವಾದರೆ ದಾಖಲಾದ 48 ಗಂಟೆಯೊಳಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು.

ಒಪ್ಪದಿದ್ದರೆ ಬಿಲ್ಲನ್ನು ನೀವೇ ಕಟ್ಟಿ, ಮೂಲ ಬಿಲ್ಲು, ರಸೀದಿ, ಬಿಡುಗಡೆ ಪತ್ರ, ಪರೀಕ್ಷಾ ವರದಿಗಳನ್ನು ಕಳುಹಿಸಿ ಹಣ ಹಿಂಪಡೆಯಬೇಕು. ಬಿಲ್ಲು 90,000 ರೂಪಾಯಿ ಆಗಿ, ಆ ಊರಿನ ವಾಡಿಕೆಯ ದರ 75,000 ಎಂದು ಕಂಪನಿ ಲೆಕ್ಕ ಹಾಕಿದರೆ ಉಳಿದ 15,000 ನಿಮ್ಮ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಅಂದಾಜು ಪಟ್ಟಿ ಪಡೆದು, ಎಷ್ಟು ಸಿಗಬಹುದೆಂದು ಕಂಪನಿಯನ್ನು ಮೊದಲೇ ವಿಚಾರಿಸಿ. ವ್ಯತ್ಯಾಸ ದೊಡ್ಡದಾದರೆ, ವೈದ್ಯರು ಕಾಯಬಹುದೆಂದರೆ ಮಾತ್ರ, ಪಟ್ಟಿಯಲ್ಲಿರುವ ಬೇರೆ ಆಸ್ಪತ್ರೆ ನೋಡಬಹುದು.

ಒಂದು ಮಾತು ಗಮನಿಸಿ. ಇ-ಮೇಲ್‌ನಲ್ಲಿ 'ಜಾಲದಲ್ಲಿಲ್ಲ' ಎನ್ನುವ ಬದಲು 'ಹೊರಗಿಟ್ಟ ಆಸ್ಪತ್ರೆ' ಎಂದಿದ್ದರೆ, ಪ್ರಾಣಾಪಾಯದ ತುರ್ತು ಅಥವಾ ಅಪಘಾತದ ಹೊರತು ಅಲ್ಲಿನ ಖರ್ಚು ಹಿಂದಕ್ಕೂ ಸಿಗುವುದಿಲ್ಲ.