ಬಿಲ್ಲು ಎಲ್ಲಿ ನಿಂತಿದೆ ಅಂತ ಕೇಳೋ ಮೇಲ್

“ಡಿಯರ್ ಸರ್, ನಮ್ಮ ಪೇಮೆಂಟ್ ತುಂಬಾ ದಿನದಿಂದ ಪೆಂಡಿಂಗ್ ಇದೆ, ದಯವಿಟ್ಟು ಬೇಗ ರಿಲೀಸ್ ಮಾಡಿಸಿ.” 2024ರ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೂ ತಿಂಗಳು ಇದೇ ಒಂದು ಸಾಲು ದೊಡ್ಡಬಳ್ಳಾಪುರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಶೆಡ್ಡಿನಿಂದ ಹೋಗಿತ್ತು. ಒಂದಕ್ಕೂ ಉತ್ತರ ಬರಲಿಲ್ಲ. ಶೆಡ್ಡು ನಮ್ಮ ಕ್ಲಾಸಿನ ಗೆಳೆಯನ ಚಿಕ್ಕಪ್ಪನದು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷಿನ್, ನಾಲ್ಕು ಜನ ಕೆಲಸದವರು. ಮಾಲು ತಗೊಂಡಿದ್ದು ದಾಬಸ್‌ಪೇಟೆ ಕಡೆಯ ಒಂದು ಫ್ಯಾಕ್ಟರಿ, ಆದರೆ ದುಡ್ಡು ಕೊಡೋ ಅಕೌಂಟ್ಸ್ ಪೇಯಬಲ್ ಟೀಮ್ ಕೂತಿರೋದು ಪುಣೆಯಲ್ಲಿ. ನಾಲ್ಕನೇ ಮೇಲ್ ಬರೆಯೋಕೆ ಚಿಕ್ಕಪ್ಪ ನಮ್ಮನ್ನ ಕರೆದರು. ‘ಇಂಗ್ಲಿಷ್ ಮೀಡಿಯಂ ಹುಡುಗ್ರು, ಚೆನ್ನಾಗಿ ಬರೀತೀರ’ ಅನ್ನೋದು ಅವರ ಲೆಕ್ಕ. ಕೂತು ನೋಡಿದರೆ ಇಂಗ್ಲಿಷಿಗೂ ಇದಕ್ಕೂ ಅಷ್ಟೇನೂ ಸಂಬಂಧ ಇರಲಿಲ್ಲ.

ಮೊದಲು ಬಿಲ್ಲು ಏನು ಅಂತ ಹೇಳ್ತೀವಿ. 600 ಸ್ಟೀಲ್ ಬ್ರಾಕೆಟ್, ಒಂದಕ್ಕೆ 310 ರೂಪಾಯಿ. ಒಟ್ಟು 1,86,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 33,480. ಸೇರಿಸಿದರೆ 2,19,480 ರೂಪಾಯಿ. ಇನ್‌ವಾಯ್ಸ್ ನಂಬರ್ 147, ತಾರೀಖು 12 ಜೂನ್ 2024. ಮಾಲು ಅವತ್ತೇ ಟೆಂಪೋದಲ್ಲಿ ಹೋಗಿ ಇಳಿದಿದೆ, ಚಲನ್ ಮೇಲೆ ಗೇಟಿನ ಸೀಲು ಬಿದ್ದಿದೆ. ಇಲ್ಲಿ ಹೊಟ್ಟೆ ಉರಿಯೋ ವಿಷಯ ಒಂದಿದೆ: ದುಡ್ಡು ಬಂದಿರಲಿ ಬಿಡಲಿ, ಜೂನ್ ತಿಂಗಳ ಜಿಎಸ್‌ಟಿ ಜುಲೈ 20ರೊಳಗೆ ಕಟ್ಟಲೇಬೇಕು. ಚಿಕ್ಕಪ್ಪ ಕಟ್ಟಿದ್ದರು. ಸ್ಟೀಲ್ ಅಂಗಡಿಯವರಿಗೂ ಕೊಟ್ಟಾಗಿತ್ತು. ನವೆಂಬರಿನಲ್ಲಿ ನಾವು ಹೋಗೋ ಹೊತ್ತಿಗೆ ಸಂಬಳಕ್ಕೆ ಅಂತ ಒಡವೆ ಬ್ಯಾಂಕಿಗೆ ಹೋಗಿತ್ತು.

ಈಗ ಪುಣೆ ಕಡೆಯಿಂದ ನೋಡೋಣ. ದೊಡ್ಡ ಕಂಪನಿಯಲ್ಲಿ ಬಿಲ್ಲು ನೋಡಿ ಯಾರೂ ಚೆಕ್ ಬರೆಯಲ್ಲ. ಮೂರು ಕಾಗದ ಒಂದಕ್ಕೊಂದು ಹೊಂದಬೇಕು. ಒಂದು, ಅವರು ಕೊಟ್ಟ ಪರ್ಚೇಸ್ ಆರ್ಡರ್. ಎರಡು, ಸ್ಟೋರಿನವರು ಮಾಲು ಎಣಿಸಿಕೊಂಡು ಸಿಸ್ಟಮ್‌ನಲ್ಲಿ ಹಾಕೋ ಜಿಆರ್‌ಎನ್, ಅಂದ್ರೆ ‘ಇಷ್ಟು ಮಾಲು ಸರಿಯಾಗಿ ಬಂತು’ ಅನ್ನೋ ರಸೀದಿ. ಮೂರು, ನಮ್ಮ ಇನ್‌ವಾಯ್ಸ್. ರೇಟು ಮತ್ತು ಸಂಖ್ಯೆ ಮೂರರಲ್ಲೂ ಒಂದೇ ಇದ್ದರೆ ಬಿಲ್ಲು ತಾನಾಗೇ ಮುಂದಕ್ಕೆ ಹೋಗತ್ತೆ, ಕ್ರೆಡಿಟ್ ದಿನ ಮುಗಿದ ಮೇಲೆ ವಾರಕ್ಕೊಂದು ದಿನ ನಡೆಯೋ ಪೇಮೆಂಟ್ ರನ್‌ನಲ್ಲಿ ಸೇರಿಕೊಳ್ಳತ್ತೆ. ಒಂದು ಅಂಕಿ ಹೊಂದದಿದ್ದರೂ ಸಿಸ್ಟಮ್ ಬಿಲ್ಲನ್ನ ಬ್ಲಾಕ್ ಮಾಡತ್ತೆ. ಬ್ಲಾಕ್ ಆಯ್ತು ಅಂತ ಸಪ್ಲೈಯರ್‌ಗೆ ಮೆಸೇಜ್ ಬರೋ ವ್ಯವಸ್ಥೆ ಎಷ್ಟೋ ಕಡೆ ಇರಲ್ಲ. ಕೋಡ್ ಎರರ್ ಕೊಡದೆ ಸುಮ್ಮನೆ ಹ್ಯಾಂಗ್ ಆಗತ್ತಲ್ಲ, ಹಾಗೆ.

ಹಾಗಾಗಿ ಯಾವ ಬಿಲ್ಲಾದರೂ ನಾಲ್ಕು ಜಾಗದಲ್ಲಿ ಒಂದರಲ್ಲಿ ಇರತ್ತೆ: ಅವರ ಸಿಸ್ಟಮ್‌ಗೆ ಬಂದೇ ಇಲ್ಲ, ಬಂದು ಬ್ಲಾಕ್ ಆಗಿದೆ, ಪಾಸಾಗಿ ತಾರೀಖಿಗೆ ಕಾಯ್ತಿದೆ, ಅಥವಾ ದುಡ್ಡು ಹೋಗಿಬಿಟ್ಟಿದೆ. ‘ಬೇಗ ರಿಲೀಸ್ ಮಾಡಿ’ ಅನ್ನೋದಕ್ಕೆ ಅಲ್ಲಿ ಕೂತಿರೋ ಹುಡುಗಿ ಏನು ಉತ್ತರ ಕೊಡಬೇಕು? ರಿಲೀಸ್ ಮಾಡೋ ಅಧಿಕಾರ ಅವಳಿಗಿಲ್ಲ. ಹುಡುಕಿ ಹೇಳೋಣ ಅಂದರೆ ಮೇಲ್‌ನಲ್ಲಿ ನಂಬರೇ ಇಲ್ಲ. ಮೇಲಾಗಿ ಚಿಕ್ಕಪ್ಪನ ಮೂರೂ ಮೇಲ್ ಹೋಗಿದ್ದು ಆರ್ಡರ್ ಕೊಟ್ಟಿದ್ದ ಪರ್ಚೇಸ್‌ನವರ ಹೆಸರಿಗೆ, ಅವರು ಜುಲೈನಲ್ಲೇ ಕೆಲಸ ಬಿಟ್ಟಿದ್ದರು. ವ್ಯಕ್ತಿಗೆ ಕಳಿಸಿದ ಮೇಲ್ ವ್ಯಕ್ತಿ ಜೊತೆಗೇ ಹೋಗತ್ತೆ. ಪರ್ಚೇಸ್ ಆರ್ಡರಿನ ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಇನ್‌ವಾಯ್ಸ್ ವಿಚಾರಕ್ಕೆ ಅಂತಲೇ ಒಂದು ಮೇಲ್ ಐಡಿ ಇತ್ತು. ನಾವು ಅದಕ್ಕೆ ಕಳಿಸಿ, ಈಗಿನ ಪರ್ಚೇಸ್‌ನವರನ್ನೂ ಫ್ಯಾಕ್ಟರಿ ಸ್ಟೋರನ್ನೂ ಸಿಸಿಯಲ್ಲಿ ಹಾಕಿದೆವು.

ನವೆಂಬರ್ 11, ಸೋಮವಾರ ಹೋದ ಮೇಲ್ ಇದು. ಹೋಗಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡ್ತಿದ್ದೀವಿ. ಪಿಒ ನಂಬರ್, ವೆಂಡರ್ ಕೋಡ್, ಉದ್ಯಮ್ ನಂಬರ್ ತೆಗೆದಿದ್ದೀವಿ.

> ವಿಷಯ: ಇನ್‌ವಾಯ್ಸ್ 147, 12-06-2024, ರೂ. 2,19,480, ಪಿಒ ನಂ. ___, ವೆಂಡರ್ ಕೋಡ್ ___: ಸ್ಥಿತಿ ತಿಳಿಸಿ
>
> ನಮಸ್ಕಾರ,
>
> ಮೇಲಿನ ಇನ್‌ವಾಯ್ಸ್‌ನ ಮಾಲು (600 ಬ್ರಾಕೆಟ್) 12-06-2024ರಂದು ನಿಮ್ಮ ದಾಬಸ್‌ಪೇಟೆ ಸ್ಟೋರಿಗೆ ತಲುಪಿದೆ. ಗೇಟ್ ಸೀಲ್ ಇರುವ ಚಲನ್, ಇನ್‌ವಾಯ್ಸ್, ಪಿಒ ಮೂರನ್ನೂ ಲಗತ್ತಿಸಿದ್ದೇವೆ. ಮಾಲಿನ ಬಗ್ಗೆ ನಮಗೆ ಲಿಖಿತ ಆಕ್ಷೇಪಣೆ ಬಂದಿಲ್ಲ.
>
> ದಯವಿಟ್ಟು ತಿಳಿಸಿ: ಇನ್‌ವಾಯ್ಸ್ ನಿಮ್ಮ ಸಿಸ್ಟಮ್‌ನಲ್ಲಿ ದಾಖಲಾಗಿದೆಯೇ? ಜಿಆರ್‌ಎನ್ ನಂಬರ್ ಮತ್ತು ಅದರಲ್ಲಿರುವ ಸಂಖ್ಯೆ ಎಷ್ಟು? ಬ್ಲಾಕ್ ಆಗಿದ್ದರೆ ಕಾರಣವೇನು, ಅದನ್ನು ತೆಗೆಯಬೇಕಾದವರು ಯಾರು? ಪಾಸಾಗಿದ್ದರೆ ಪಾವತಿಯ ತಾರೀಖು ಯಾವುದು?
>
> ನಾವು ಉದ್ಯಮ್ ನೋಂದಣಿ ಇರುವ ಮೈಕ್ರೋ ಉತ್ಪಾದಕರು (ನಂ. ___). 45 ದಿನದ ಅವಧಿ 27-07-2024ಕ್ಕೆ ಮುಗಿದಿದೆ. ಇನ್‌ವಾಯ್ಸ್ ತಾರೀಖಿನಿಂದ 180 ದಿನ 09-12-2024ಕ್ಕೆ ತುಂಬುತ್ತದೆ.
>
> ಶುಕ್ರವಾರ, 15-11-2024ರೊಳಗೆ ಉತ್ತರ ಕೋರುತ್ತೇವೆ.

ವಿಷಯದ ಸಾಲೇ ಅರ್ಧ ಕೆಲಸ ಮಾಡತ್ತೆ. ಅದರಲ್ಲಿರೋ ಯಾವ ನಂಬರ್ ಹಾಕಿದರೂ ಅವರ ಸಿಸ್ಟಮ್‌ನಲ್ಲಿ ಬಿಲ್ಲು ಸಿಗತ್ತೆ, ಮೇಲ್ ತೆರೆಯೋದೂ ಬೇಡ. ಬ್ಯಾಂಕ್ ಅಕೌಂಟ್ ನಂಬರ್ ಮಾತ್ರ ಬೇಕಂತಲೇ ಹಾಕಲಿಲ್ಲ. ಸಪ್ಲೈಯರ್ ಹೆಸರಲ್ಲಿ ಮೇಲ್ ಹಾಕಿ ‘ಅಕೌಂಟ್ ಬದಲಾಗಿದೆ’ ಅಂತ ದುಡ್ಡು ಹೊಡೆಯೋ ಮೋಸ ಎಲ್ಲ ಕಡೆ ನಡೀತಿರೋದರಿಂದ, ಬಾಕಿ ಕೇಳೋ ಮೇಲ್‌ನಲ್ಲಿ ಬ್ಯಾಂಕ್ ವಿವರ ಕಂಡರೆ ಅಕೌಂಟ್ಸ್‌ನವರು ಅನುಮಾನ ಪಡ್ತಾರೆ, ವೆರಿಫಿಕೇಶನ್ ಅಂತ ಮತ್ತೆ ಎರಡು ವಾರ ಹೋಗಬಹುದು.

ಇನ್ನು ಆ ಎರಡು ತಾರೀಖು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಸೆಕ್ಷನ್ 15ರ ಪ್ರಕಾರ, ಮೈಕ್ರೋ ಅಥವಾ ಸ್ಮಾಲ್ ಘಟಕದಿಂದ ಮಾಲು ತಗೊಂಡವರು ಏನೇ ಒಪ್ಪಂದ ಮಾಡಿಕೊಂಡಿದ್ದರೂ 45 ದಿನ ಮೀರೋ ಹಾಗಿಲ್ಲ. ಚಿಕ್ಕಪ್ಪನ ಪಿಒದಲ್ಲಿ 60 ದಿನ ಅಂತಿತ್ತು, ಕಾಯ್ದೆ ಮುಂದೆ ಅದು ನಡೆಯಲ್ಲ. ಎಣಿಕೆ ಶುರುವಾಗೋದು ಮಾಲು ಒಪ್ಪಿಕೊಂಡ ದಿನದಿಂದ. ಮಾಲು ಬಂದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದೇ ಇದ್ದರೆ, ಮಾಲು ಇಳಿಸಿದ ದಿನವೇ ಒಪ್ಪಿಕೊಂಡ ದಿನ. ಗೇಟಿನ ಸೀಲು ಬಿದ್ದ ಚಲನ್ ಅದಕ್ಕೇ ಬಂಗಾರ. ತಡವಾದರೆ ಸೆಕ್ಷನ್ 16ರಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆಗಿನ ಬ್ಯಾಂಕ್ ರೇಟ್ 6.75 ಪರ್ಸೆಂಟ್, ಮೂರು ಪಟ್ಟು ಅಂದರೆ ವರ್ಷಕ್ಕೆ 20.25. ಈ ಬಿಲ್ಲಿಗೆ ಮೊದಲನೇ ತಿಂಗಳೇ 3,700 ರೂಪಾಯಿ ಹತ್ತಿರ ಆಗತ್ತೆ.

180 ದಿನದ್ದು ಬೇರೆ ಕಥೆ, ನಮ್ಮ ಪ್ರಕಾರ ಕೆಲಸ ಮಾಡಿದ್ದು ಅದೇ. ಖರೀದಿ ಮಾಡಿದವರು ನಮ್ಮ ಬಿಲ್ಲಿನ 33,480 ರೂಪಾಯಿ ಜಿಎಸ್‌ಟಿಯನ್ನ ತಮ್ಮ ತೆರಿಗೆಯಲ್ಲಿ ಆಗಲೇ ಕ್ರೆಡಿಟ್ ತಗೊಂಡಿರ್ತಾರೆ. ಇನ್‌ವಾಯ್ಸ್ ತಾರೀಖಿನಿಂದ 180 ದಿನದೊಳಗೆ ನಮಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್‌ನ ಬಡ್ಡಿ ಸಮೇತ ವಾಪಸ್ ಕಟ್ಟಬೇಕು, ನಮಗೆ ಕೊಟ್ಟ ಮೇಲೆ ಮತ್ತೆ ತಗೋಬಹುದು. ಮೇಲ್ ಹೋದ ದಿನಕ್ಕೆ ಇನ್ನು 28 ದಿನ ಇತ್ತು. ಬಡ್ಡಿ ಬೆದರಿಕೆ ಹಾಕಿದರೆ ಮೇಲ್ ಅವರ ಲೀಗಲ್ ವಿಭಾಗಕ್ಕೆ ಹೋಗಿ ಕೂರತ್ತೆ. ಜಿಎಸ್‌ಟಿ ತಾರೀಖು ಹೇಳಿದರೆ ಅದು ಅಕೌಂಟ್ಸ್‌ನವರ ಸ್ವಂತ ತಲೆನೋವು. ಆದಾಯ ತೆರಿಗೆಯಲ್ಲೂ ಆಗ 43ಬಿ(ಎಚ್) ಅಂತ 2023ರಲ್ಲಿ ಸೇರಿಸಿದ ನಿಯಮ ಇತ್ತು: ಇಂಥ ಘಟಕಗಳಿಗೆ ಅವಧಿ ಮೀರಿಸಿದ ಬಾಕಿ, ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ಲೆಕ್ಕ. ಅದರ ಬಿಸಿ ಮುಟ್ಟೋದು ಮಾರ್ಚ್ ಕೊನೆಗೆ, ನವೆಂಬರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅದಕ್ಕೇ ಬರೆಯಲಿಲ್ಲ.

ಗುರುವಾರ ಎರಡು ಸಾಲಿನ ಉತ್ತರ ಬಂತು. ಬಿಲ್ಲು ಸಿಸ್ಟಮ್‌ನಲ್ಲಿದೆ, ಜಿಆರ್‌ಎನ್ 588, ಇನ್‌ವಾಯ್ಸ್ 600, ಸಂಖ್ಯೆ ಹೊಂದದೆ ಬ್ಲಾಕ್ ಆಗಿದೆ. ಹನ್ನೆರಡು ಪೀಸಿನಲ್ಲಿ ತೂತಿನ ಜಾಗ ಸರಿಯಿಲ್ಲ ಅಂತ ಕ್ವಾಲಿಟಿಯವರು ಪಕ್ಕಕ್ಕಿಟ್ಟಿದ್ದರು, ರಿಜೆಕ್ಷನ್ ನೋಟ್ ಮಾತ್ರ ಫ್ಯಾಕ್ಟರಿಯಿಂದ ಹೊರಟೇ ಇರಲಿಲ್ಲ. ಹನ್ನೆರಡು ಬ್ರಾಕೆಟ್ಟಿಗೆ ಎರಡು ಲಕ್ಷ ಐದು ತಿಂಗಳು ನಿಂತಿತ್ತು!

15 ದಿನದಲ್ಲಿ ಬರೆದು ತಿಳಿಸಿಲ್ಲ, ಹಾಗಾಗಿ ಕಾನೂನು ಪ್ರಕಾರ 600ಕ್ಕೂ ದುಡ್ಡು ಕೇಳಬಹುದು ಅಂತ ನಾವು ಜೋರಾಗೇ ವಾದ ಮಾಡಿದೆವು. ಚಿಕ್ಕಪ್ಪ ನಕ್ಕರು. “ಗೆದ್ದು ಏನ್ ಮಾಡ್ಲಿ ಕಣ್ರಪ್ಪಾ, ಮುಂದಿನ ಆರ್ಡರ್ ಅವರೇ ಕೊಡ್ಬೇಕು.” ಲೆಕ್ಕ ಅವರ ಕಡೆಗೇ ಇತ್ತು. ಹನ್ನೆರಡು ಪೀಸಿಗೆ 3,720, ಜಿಎಸ್‌ಟಿ 669.60, ಒಟ್ಟು 4,389.60 ರೂಪಾಯಿಗೆ ಕ್ರೆಡಿಟ್ ನೋಟ್ ಮಾಡಿ ಶನಿವಾರವೇ ಅದೇ ಮೇಲ್‌ಗೆ ರಿಪ್ಲೈ ಆಗಿ ಕಳಿಸಿದರು, ಹನ್ನೆರಡು ಪೀಸು ವಾಪಸ್ ತಂದರು. ಹೊಸ ಬಿಲ್ಲು ಮಾಡಿ ಕಳಿಸಿ ಅಂತ ಪರ್ಚೇಸ್‌ನವರು ಫೋನಿನಲ್ಲಿ ಹೇಳಿದ್ದಕ್ಕೆ ಮಾತ್ರ ಒಪ್ಪಲಿಲ್ಲ. ಹೊಸ ಇನ್‌ವಾಯ್ಸ್ ಅಂದರೆ ಹೊಸ ತಾರೀಖು, ದಿನದ ಎಣಿಕೆಯೂ ಹೊಸದಾಗಿ ಅಂತ ಅವರು ಹಿಡಿದುಕೊಳ್ತಾರೆ. ಜೂನ್ ತಿಂಗಳ ಜಿಎಸ್‌ಟಿ ರಿಟರ್ನಿನಲ್ಲಿ ಹಳೇ ಬಿಲ್ಲು ಹೋಗಿಬಿಟ್ಟಿದೆ ಬೇರೆ.

ನವೆಂಬರ್ 22ರ ಪೇಮೆಂಟ್ ರನ್ ತಪ್ಪಿತು, ಬ್ಲಾಕ್ ತೆಗೆಯೋರು ರಜೆಯಲ್ಲಿದ್ದರಂತೆ. 29ರ ಶುಕ್ರವಾರ 2,15,090.40 ರೂಪಾಯಿ ಅಕೌಂಟಿಗೆ ಬಂತು. ಬಡ್ಡಿ ಕೊಟ್ಟಿಲ್ಲ, ಚಿಕ್ಕಪ್ಪ ಕೇಳಿಯೂ ಇಲ್ಲ.

ಶುಕ್ರವಾರದೊಳಗೆ ಉತ್ತರ ಬರದಿದ್ದರೆ ಏನು ಮಾಡಬೇಕು ಅಂತಲೂ ಯೋಚನೆ ಮಾಡಿಟ್ಟಿದ್ದೆವು. ಅದೇ ಮೇಲ್‌ನ ಕೆಳಗೇ, ವಿಷಯದ ಸಾಲು ಬದಲಾಯಿಸದೆ, ಅವರ ಫೈನಾನ್ಸ್ ಹೆಡ್‌ಗೆ. ಹೊಸ ಮೇಲ್ ಶುರು ಮಾಡಿದರೆ ಹಿಂದಿನದೆಲ್ಲ ಕಳೆದುಹೋಗತ್ತೆ. ಅದೂ ಆಗದಿದ್ದರೆ ಆಗ ಅರ್ಜಿ ತಗೊಳ್ತಿದ್ದ ಕೇಂದ್ರ ಸರ್ಕಾರದ ಎಂಎಸ್‌ಎಂಇ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ. ಅಲ್ಲಿಂದ ಅದು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗ್ತಿತ್ತು. ಕೌನ್ಸಿಲ್ ಮೊದಲು ರಾಜಿ ಮಾಡಿಸತ್ತೆ, ಆಗದಿದ್ದರೆ ಪಂಚಾಯ್ತಿಕೆ ನಡೆಸಿ ತೀರ್ಪು ಕೊಡತ್ತೆ. ಆ ತೀರ್ಪನ್ನ ಪ್ರಶ್ನಿಸೋಕೆ ಖರೀದಿದಾರರು 75 ಪರ್ಸೆಂಟ್ ದುಡ್ಡು ಮೊದಲು ಡೆಪಾಸಿಟ್ ಮಾಡಬೇಕು. ಉದ್ಯಮ್ ನೋಂದಣಿ ಮಾಲು ಕಳಿಸೋ ಮುಂಚೆಯೇ ಆಗಿರೋದು ಒಳ್ಳೇದು, ಆಮೇಲೆ ಮಾಡಿಸಿದ್ದಾದರೆ ಅದರ ಮೇಲೇ ಜಗಳ ಶುರುವಾಗತ್ತೆ. ಆದರೆ ಆ ಬಾಗಿಲು ತಟ್ಟಿದ ಮೇಲೆ ಆ ಫ್ಯಾಕ್ಟರಿಯಿಂದ ಮತ್ತೆ ಪಿಒ ಬರತ್ತೆ ಅಂತ ಚಿಕ್ಕಪ್ಪನಿಗೆ ನಂಬಿಕೆ ಇಲ್ಲ. ಈಗ ಅವರು ಮಾಡ್ತಿರೋದು ಇಷ್ಟೇ: ಮಾಲು ಇಳಿಸಿದ ಮೂರನೇ ದಿನ ಸ್ಟೋರಿಗೆ ಫೋನ್ ಮಾಡಿ ಜಿಆರ್‌ಎನ್ ನಂಬರ್ ಮತ್ತು ಎಷ್ಟು ಪೀಸು ಅಂತ ಕೇಳಿ ಚಲನ್ ಹಿಂದೆ ಪೆನ್ಸಿಲ್‌ನಲ್ಲಿ ಬರ್ಕೊಳ್ತಾರೆ.